ಹೊಟ್ಟೆ ಕಟ್ಟಿದಾಗ ಯಾವ ಮದ್ದು?

ಮೆಡಿಕಲ್ ಶಾಪಿನಲ್ಲಿ "ಮೋಷನ್ ಸರಿಯಾಗಿ ಆಗ್ತಿಲ್ಲ, ಏನಾದರೂ ಕೊಡಿ" ಎಂದು ಕೇಳಿದರೆ ಇಸಬಗೋಲಿನ ಪೊಟ್ಟಣವೂ ಬರಬಹುದು, ಸಿಹಿ ಸಿರಪ್ಪೂ ಬರಬಹುದು, ರಾತ್ರಿ ನುಂಗುವ ಪುಟ್ಟ ಮಾತ್ರೆಯೂ ಬರಬಹುದು. ಎಲ್ಲವೂ ಹೊಟ್ಟೆ ಸಡಿಲ ಮಾಡುವ ಮದ್ದೇ. ಆದರೆ ಕರುಳಿನೊಳಗೆ ಅವು ಮಾಡುವ ಕೆಲಸ ಒಂದೇ ಅಲ್ಲ. ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರ ಕಷ್ಟವನ್ನು ಹೆಚ್ಚಿಸಬಹುದು.

ವೈದ್ಯರು ಆಗಾಗ ನೋಡುವಂಥ ಒಂದು ಸಂದರ್ಭವನ್ನೇ ತೆಗೆದುಕೊಳ್ಳೋಣ. ಎಪ್ಪತ್ತರ ಅಜ್ಜಿಗೆ ಮಂಡಿಚಿಪ್ಪಿನ ಶಸ್ತ್ರಚಿಕಿತ್ಸೆಯಾಗಿದೆ. ನೋವಿಗೆ ಟ್ರಮಡಾಲ್, ಜೊತೆಗೆ ಕಬ್ಬಿಣದ ಮಾತ್ರೆ. ಓಡಾಟ ಕಡಿಮೆ, ಬಾತ್‌ರೂಮಿಗೆ ಹೋಗಬೇಕಲ್ಲ ಎಂದು ನೀರೂ ಕಡಿಮೆ. ನಾಲ್ಕು ದಿನ ಹೊರಕಡೆಗೆ ಆಗದಿದ್ದಾಗ ಸೊಸೆ ಎರಡು ಚಮಚ ಇಸಬಗೋಲನ್ನು ಅರ್ಧ ಲೋಟ ಹಾಲಿಗೆ ಬೆರೆಸಿ ಕೊಡುತ್ತಾಳೆ. ಮರುದಿನ ಹೊಟ್ಟೆ ಇನ್ನೂ ಬಿಗಿಯುತ್ತದೆ. ಅದರ ಮರುದಿನ ತೆಳ್ಳಗೆ ನೀರಿನಂತೆ ಸ್ವಲ್ಪ ಸ್ವಲ್ಪ ಸೋರುತ್ತದೆ. "ಬೇಧಿ ಶುರುವಾಯ್ತು, ಸಾಕು ನಿಲ್ಲಿಸಿ" ಎನ್ನುತ್ತಾರೆ ಮನೆಯವರು.

ಇಲ್ಲಿ ಎಡವಟ್ಟಾದದ್ದು ಎಲ್ಲಿ? ಇಸಬಗೋಲು ನಾರಿನ ಜಾತಿಯ ಮದ್ದು. ನೀರನ್ನು ಹೀರಿ ಉಬ್ಬಿ, ಲೋಳೆಯಾಗಿ, ಮಲದ ಗಾತ್ರವನ್ನು ಹೆಚ್ಚಿಸುತ್ತದೆ. ಗಾತ್ರ ಹೆಚ್ಚಿದಾಗ ಕರುಳಿನ ಗೋಡೆ ಹಿಗ್ಗುತ್ತದೆ, ಹಿಗ್ಗಿದ ಗೋಡೆ ತಾನಾಗಿಯೇ ಮುಂದಕ್ಕೆ ತಳ್ಳುತ್ತದೆ. ಅಂದರೆ ಈ ಮದ್ದು ಫಲಿಸಲು ಎರಡು ಬೇಕು: ಸಾಕಷ್ಟು ನೀರು ಮತ್ತು ತಳ್ಳುವ ಶಕ್ತಿಯಿರುವ ಕರುಳು. ಟ್ರಮಡಾಲ್, ಮಾರ್ಫಿನ್ ಜಾತಿಯ ನೋವು ಮಾತ್ರೆಗಳು ಆ ಶಕ್ತಿಯನ್ನೇ ಕುಗ್ಗಿಸುತ್ತವೆ. ಮುಂದೆ ಸಾಗದ ಕಡೆ ಗಾತ್ರ ಹೆಚ್ಚಿಸಿದರೆ ಕಟ್ಟಿಕೊಂಡದ್ದು ಇನ್ನಷ್ಟು ಕಟ್ಟುತ್ತದೆ. ಅಜ್ಜಿಗೆ ಸೋರಿದ್ದೂ ಬೇಧಿಯಲ್ಲದಿರಬಹುದು. ಗುದನಾಳದಲ್ಲಿ ಗಟ್ಟಿ ಮಲದ ಗಂಟು ಕೂತಾಗ ಮೇಲಿನ ದ್ರವ ಅದರ ಪಕ್ಕದಿಂದ ಜಾರಿ ಬರುತ್ತದೆ. ಹಲವು ದಿನ ಏನೂ ಆಗದೆ ಹೀಗೆ ಸೋರಲು ಶುರುವಾಯಿತು, ಹೊಟ್ಟೆ ಮಾತ್ರ ಹಗುರಾಗಲಿಲ್ಲ ಎಂದರೆ ಬೇಧಿ ನಿಲ್ಲಿಸುವ ಮಾತ್ರೆ ಕೊಡಬಾರದು, ವೈದ್ಯರಿಗೆ ತೋರಿಸಬೇಕು.

ಹಾಗೆಂದು ಇಸಬಗೋಲು ಕೆಟ್ಟದ್ದಲ್ಲ. ಓಡಾಡಿಕೊಂಡಿರುವವರು, ಊಟದಲ್ಲಿ ಸೊಪ್ಪು, ಕಾಳು, ಹಣ್ಣು ಕಡಿಮೆಯಿರುವವರು, ಪೈಲ್ಸ್ ಇದ್ದು ತಿಣುಕಬಾರದವರು, ಗರ್ಭಿಣಿಯರು, ಇವರಿಗೆಲ್ಲ ಮೊದಲು ಪ್ರಯತ್ನಿಸಲು ಅದೇ ಸೂಕ್ತ. ದಿನಕ್ಕೆ ಒಂದು ಚಮಚದಿಂದ ಶುರುಮಾಡಿ ನಿಧಾನವಾಗಿ ಹೆಚ್ಚಿಸಿದರೆ ಗ್ಯಾಸಿನ ಉಪದ್ರವ ಕಡಿಮೆ. ತುಂಬಿದ ದೊಡ್ಡ ಲೋಟ ನೀರಿನಲ್ಲಿ ಕಲಸಿ, ಗಟ್ಟಿಯಾಗುವ ಮೊದಲೇ ಕುಡಿಯಬೇಕು. ಒಣಪುಡಿಯನ್ನು ಬಾಯಿಗೆ ಹಾಕಿಕೊಂಡರೆ ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳುವ ಅಪಾಯವಿದೆ. ನುಂಗಲು ಕಷ್ಟವಿರುವವರಿಗೆ ಇದು ಬೇಡ. ಫಲ ಕಾಣಲು ಒಂದರಿಂದ ಮೂರು ದಿನ ಬೇಕು, ಆದ್ದರಿಂದ ಇವತ್ತೇ ಆಗಬೇಕು ಎನ್ನುವವರ ಮದ್ದೂ ಇದಲ್ಲ.

ಎರಡನೆಯ ಗುಂಪು ಕರುಳಿನೊಳಗೆ ನೀರನ್ನು ಹಿಡಿದಿಡುವಂಥದ್ದು. ಲ್ಯಾಕ್ಟುಲೋಸ್ ಸಿರಪ್, ನೀರಿನಲ್ಲಿ ಕರಗಿಸಿ ಕುಡಿಯುವ ಪಾಲಿಎಥಿಲಿನ್ ಗ್ಲೈಕಾಲ್ ಪುಡಿ, ಮಿಲ್ಕ್ ಆಫ್ ಮೆಗ್ನೀಷಿಯಾ ಇಲ್ಲಿ ಬರುತ್ತವೆ. ಇವು ರಕ್ತಕ್ಕೆ ಸೇರುವುದು ಅತ್ಯಲ್ಪ. ಕರುಳಿನಲ್ಲೇ ಉಳಿದು, ಅಲ್ಲಿಂದ ನೀರು ಹೀರಿಹೋಗದಂತೆ ತಡೆದು ಮಲವನ್ನು ಒದ್ದೆಯಾಗಿಸುತ್ತವೆ. ಉಂಡೆ ಉಂಡೆಯಾಗಿ, ಒಣಗಿ ಬರುವವರಿಗೆ ಇದು ಹೊಂದುತ್ತದೆ. ಲ್ಯಾಕ್ಟುಲೋಸನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಹುದುಗಿಸುವುದರಿಂದ ಹೊಟ್ಟೆಯುಬ್ಬರ ಹೆಚ್ಚು, ಒಂದೆರಡು ದಿನ ಕಾಯಬೇಕು. ಪಾಲಿಎಥಿಲಿನ್ ಗ್ಲೈಕಾಲ್ ಹುದುಗುವುದಿಲ್ಲ, ಗ್ಯಾಸ್ ಕಡಿಮೆ. ದೊಡ್ಡವರಿಗೆ ವಾಡಿಕೆಯ ಅಳತೆ 17 ಗ್ರಾಂ, ಒಂದು ಲೋಟ ನೀರಿನಲ್ಲಿ, ದಿನಕ್ಕೊಮ್ಮೆ. ಬಹುಕಾಲದ ಮಲಬದ್ಧತೆಗೆ 2023ರಲ್ಲಿ ಅಮೆರಿಕದ ಜಠರ-ಕರುಳು ತಜ್ಞರ ಎರಡು ಸಂಘಗಳು ಸೇರಿ ಹೊರತಂದ ಮಾರ್ಗಸೂಚಿ ಇದಕ್ಕೆ ಬಲವಾದ ಶಿಫಾರಸು ಕೊಟ್ಟಿದೆ. ಮೆಗ್ನೀಷಿಯಾ ಕೆಲವೇ ಗಂಟೆಗಳಲ್ಲಿ ಕೆಲಸ ಮಾಡುತ್ತದೆ. ಆದರೆ ಕಿಡ್ನಿ ದುರ್ಬಲವಾಗಿದ್ದರೆ ಮೆಗ್ನೀಷಿಯಂ ಹೊರಹೋಗದೆ ರಕ್ತದಲ್ಲಿ ಶೇಖರವಾಗುತ್ತದೆ. ವಯಸ್ಸಾದವರಿಗೆ, ಕಿಡ್ನಿ ತೊಂದರೆಯಿರುವವರಿಗೆ ಕೇಳದೆ ಕೊಡಬಾರದು.

ಮೂರನೆಯದು ಕರುಳನ್ನು ನೇರವಾಗಿ ಕೆರಳಿಸಿ ಹಿಂಡುವಂತೆ ಮಾಡುವ ಗುಂಪು. ಬಿಸಾಕೊಡಿಲ್ ಮಾತ್ರೆ, ಸೋಡಿಯಂ ಪಿಕೋಸಲ್ಫೇಟ್, ಸೋನಾಮುಖಿ ಎಲೆ ಇದರಲ್ಲಿವೆ. ಹಿಂದೆ ಮನೆಮನೆಯಲ್ಲೂ ಮಕ್ಕಳಿಗೆ ಕುಡಿಸುತ್ತಿದ್ದ ಹರಳೆಣ್ಣೆಯೂ ಇದೇ ಗುಂಪಿನದು. ಅದನ್ನು ಗರ್ಭಿಣಿಯರು ಮುಟ್ಟಬಾರದು. ರಾತ್ರಿ ಊಟವಾದ ಮೇಲೆ ಬಿಸಾಕೊಡಿಲ್ 5 ಮಿಲಿಗ್ರಾಂ ನುಂಗಿದರೆ ಆರರಿಂದ ಹನ್ನೆರಡು ಗಂಟೆಯಲ್ಲಿ, ಅಂದರೆ ಬೆಳಗಿನ ಹೊತ್ತಿಗೆ, ಕರೆ ಬರುತ್ತದೆ. ಮಾತ್ರೆಯ ಹೊರಪದರ ಹೊಟ್ಟೆಯಲ್ಲಿ ಕರಗದಂತೆ ಮಾಡಿರುವುದು. ಪುಡಿಮಾಡಿದರೆ, ಹಾಲಿನ ಜೊತೆ ಅಥವಾ ಆಸಿಡಿಟಿ ಔಷಧದ ಜೊತೆ ನುಂಗಿದರೆ ಅದು ಬೇಗ ಕರಗಿ ಹೊಟ್ಟೆ ಉರಿಯುತ್ತದೆ. ಹೊಟ್ಟೆ ನುಲಿಯುವುದು ಈ ಗುಂಪಿನ ಮುಖ್ಯ ಉಪದ್ರವ. ಪ್ರಯಾಣದ ನಂತರ ಹೊಟ್ಟೆ ಕಟ್ಟಿದಾಗ, ಬೇರೆಯವು ಸಾಲದೆ ಹೋದಾಗ, ನೋವು ಮಾತ್ರೆಯಿಂದ ಕರುಳು ಮಂದವಾದಾಗ ಇವು ಸರಿ. "ಸಂಪೂರ್ಣ ಆಯುರ್ವೇದ" ಎಂದು ಬರೆದ ಎಷ್ಟೋ ಚೂರ್ಣಗಳಲ್ಲಿ ಕೆಲಸ ಮಾಡುವುದು ಸೋನಾಮುಖಿಯೇ. ಡಬ್ಬಿಯ ಹಿಂದೆ ಬರೆದ ಪದಾರ್ಥಗಳನ್ನು ಓದದೆ ವರ್ಷಗಟ್ಟಲೆ ದಿನವೂ ನುಂಗುವವರಿಗೆ ತಾವು ಕರುಳು ಕೆರಳಿಸುವ ಮದ್ದನ್ನೇ ತೆಗೆದುಕೊಳ್ಳುತ್ತಿದ್ದೇವೆ ಎಂಬುದು ಗೊತ್ತೇ ಇರುವುದಿಲ್ಲ.

ಕೊನೆಯದು ಮಲವನ್ನು ಮೆದುಮಾಡುವ ಡಾಕ್ಯುಸೇಟ್. ಸೋಪಿನಂತೆ ಇದು ನೀರು ಮತ್ತು ಕೊಬ್ಬನ್ನು ಮಲದೊಳಗೆ ಇಳಿಯಲು ಬಿಡುತ್ತದೆ ಎನ್ನುವುದು ಲೆಕ್ಕಾಚಾರ. ಹೆರಿಗೆಯಾದವರಿಗೆ, ಪೈಲ್ಸ್ ಆಪರೇಷನ್ ಆದವರಿಗೆ, ಹೃದಯಾಘಾತದ ನಂತರ ತಿಣುಕಬಾರದವರಿಗೆ ಇದನ್ನು ಬರೆದುಕೊಡುವುದು ಹಳೆಯ ರೂಢಿ. ಆದರೆ ಪ್ರಯೋಗಗಳಲ್ಲಿ ಅದರ ಫಲ ತೀರಾ ಸಾಧಾರಣ. ಈಗಾಗಲೇ ಕಟ್ಟಿಕೊಂಡಿದ್ದರೆ ಇದೊಂದನ್ನೇ ನಂಬಿ ಕೂರುವುದರಲ್ಲಿ ಅರ್ಥವಿಲ್ಲ. ಜಾರುವಂತೆ ಮಾಡುವ ಲಿಕ್ವಿಡ್ ಪ್ಯಾರಾಫಿನ್ ಬೇರೆ ಮದ್ದು. ಮಲಗಿದಲ್ಲೇ ಇರುವ ವೃದ್ಧರಿಗೆ ಕುಡಿಸಿದರೆ ಅದು ಶ್ವಾಸಕೋಶಕ್ಕೆ ಜಾರಿ ನ್ಯುಮೋನಿಯಾ ತರಬಹುದು.

ಈಗ ಅಜ್ಜಿಯ ವಿಚಾರ. ಟ್ರಮಡಾಲ್ ಶುರುವಾದ ದಿನವೇ ವೈದ್ಯರನ್ನು ಕೇಳಿ, ರಾತ್ರಿಗೆ ಸೋನಾಮುಖಿ ಅಥವಾ ಬಿಸಾಕೊಡಿಲ್, ಇಲ್ಲವೇ ಪಾಲಿಎಥಿಲಿನ್ ಗ್ಲೈಕಾಲ್ ಜೊತೆಗೆ ಕೊಟ್ಟಿದ್ದರೆ ಇಷ್ಟು ದೂರ ಬರುತ್ತಿರಲಿಲ್ಲ. ಈಗ ಗಂಟು ಕೂತಿದ್ದರೆ ಮೇಲಿನಿಂದ ಕೆರಳಿಸುವುದು ನೋವಿಗೆ ದಾರಿ. ವೈದ್ಯರು ಬೆರಳಿನಿಂದ ಪರೀಕ್ಷಿಸಿ, ಸಪೋಸಿಟರಿ ಅಥವಾ ಎನಿಮಾದಿಂದ ಕೆಳಗಿನದನ್ನು ತೆರವು ಮಾಡುತ್ತಾರೆ. ಆಮೇಲೆ ಪಾಲಿಎಥಿಲಿನ್ ಗ್ಲೈಕಾಲ್ ಮುಂದುವರಿಸಿ, ಕಬ್ಬಿಣದ ಮಾತ್ರೆ ಇನ್ನೂ ಬೇಕೇ ಎಂದು ನೋಡುತ್ತಾರೆ. ನೋವು ಮಾತ್ರೆ ನಿಂತು, ಅಜ್ಜಿ ನಡೆದಾಡತೊಡಗಿದ ಮೇಲೆ ಇಸಬಗೋಲು ಮತ್ತೆ ಕೊಡಬಹುದು, ಈ ಸಲ ತುಂಬಿದ ಲೋಟ ನೀರಿನಲ್ಲಿ.

ಯಾವ ಗುಂಪಿನ ಮದ್ದನ್ನೂ ಮನೆಯಲ್ಲೇ ಪ್ರಯತ್ನಿಸಬಾರದ ಸಂದರ್ಭಗಳಿವೆ. ಹೊಟ್ಟೆ ಉಬ್ಬಿ, ವಾಂತಿಯಾಗುತ್ತಿದ್ದು, ಗಾಳಿಯೂ ಹೋಗದಿದ್ದರೆ ಕರುಳಿಗೆ ಅಡ್ಡಿಯಾಗಿರಬಹುದು, ಆಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮಲದಲ್ಲಿ ರಕ್ತ, ಕಾರಣವಿಲ್ಲದೆ ಇಳಿಯುವ ತೂಕ, ರಕ್ತಹೀನತೆ, ಅಥವಾ ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ಮಲಬದ್ಧತೆ ಕಂಡರೆ ಮದ್ದು ಬದಲಿಸುತ್ತಾ ಕೂರದೆ ಮೊದಲು ಪರೀಕ್ಷೆ ಮಾಡಿಸಿಕೊಳ್ಳಬೇಕು.