ಲೋಟದ ತಳದಲ್ಲಿ ಕೂರುವ ಬಿಳಿ ಪುಡಿ

ಅಕ್ಕನ ಮಗ ಸಂಜೆ ಜಿಮ್‌ಗೆ ಹೊರಡುವ ಮುಂಚೆ ಫ್ರಿಜ್‌ನಿಂದ ತಣ್ಣೀರು ತೆಗೆದು, ಡಬ್ಬಿಯಿಂದ ಒಂದು ಚಮಚ ಕ್ರಿಯಾಟಿನ್ ಹಾಕಿ, ಗರಗರ ತಿರುಗಿಸಿ ಒಂದೇ ಗುಟುಕಿಗೆ ಕುಡಿಯುತ್ತಾನೆ. ಲೋಟ ಕೆಳಗಿಟ್ಟರೆ ತಳದಲ್ಲಿ ಬಿಳಿ ಮರಳಿನಂಥದ್ದು ಅರ್ಧ ಚಮಚ ಉಳಿದಿರುತ್ತದೆ. ಒಂದು ದಿನ ಅದನ್ನು ನನಗೆ ತೋರಿಸಿ, "ನೋಡಿ ಮಾವ, ಕರಗೋದೇ ಇಲ್ಲ. ಡೂಪ್ಲಿಕೇಟ್ ಮಾಲು ಇರಬೇಕು. ಮೈಕ್ರೊನೈಸ್ಡ್ ತಗೋ, ಅದು ನೀರಲ್ಲಿ ಸಲೀಸಾಗಿ ಬೆರೆಯುತ್ತೆ, ಮೈಗೂ ಬೇಗ ಹತ್ತುತ್ತೆ ಅಂತಾರೆ ಜಿಮ್ಮಲ್ಲಿ" ಎಂದ. ಆ ಒಂದೇ ಮಾತಿನಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿದ್ದವು. ಪುಡಿ ಸಣ್ಣದಾದರೆ ನೀರಿನಲ್ಲಿ ಚೆನ್ನಾಗಿ ಬೆರೆಯುತ್ತದೆಯೇ ಎಂಬುದು ಒಂದು. ಹಾಗೆ ಬೆರೆತದ್ದು ಮಾಂಸಖಂಡಕ್ಕೆ ಹೆಚ್ಚು ಸೇರುತ್ತದೆಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಹೌದು ಎನ್ನಬಹುದು. ಎರಡನೆಯದಕ್ಕೆ ಹಾಗೆನ್ನಲು ಆಗುವುದಿಲ್ಲ.

ಮೊದಲು ಪುಡಿಯ ವಿಚಾರ. ಕ್ರಿಯಾಟಿನ್ ಹೊಸ ಪದಾರ್ಥವೇನಲ್ಲ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಮಿಷೆಲ್ ಷೆವ್ರಲ್ 1832ರಲ್ಲೇ ಅದನ್ನು ಮಾಂಸದಿಂದ ಬೇರ್ಪಡಿಸಿ ಹೆಸರಿಟ್ಟಿದ್ದ. ಇಂದು ಡಬ್ಬಿಯಲ್ಲಿ ಸಿಗುವುದು ಕಾರ್ಖಾನೆಯಲ್ಲಿ ತಯಾರಾದ ಕ್ರಿಯಾಟಿನ್ ಮೊನೊಹೈಡ್ರೇಟ್, ಅಂದರೆ ಒಂದೊಂದು ಕ್ರಿಯಾಟಿನ್ ಅಣುವಿಗೆ ಒಂದೊಂದು ನೀರಿನ ಅಣು ಅಂಟಿಕೊಂಡ ಹರಳು. ಈ ಹರಳುಗಳನ್ನು ಇನ್ನಷ್ಟು ಬೀಸಿ ನುಣ್ಣಗೆ ಮಾಡಿದರೆ ಅದೇ ಮೈಕ್ರೊನೈಸ್ಡ್. ಡಬ್ಬಿಯ ಮೇಲೆ ಕೆಲವೊಮ್ಮೆ 80 ಮೆಶ್, 200 ಮೆಶ್ ಎಂದು ಬರೆದಿರುತ್ತದೆ. ಅದು ಜರಡಿಯ ಲೆಕ್ಕ. ಒಂದು ಅಂಗುಲದ ಉದ್ದಕ್ಕೆ ಎಷ್ಟು ಕಣ್ಣುಗಳಿವೆ ಎಂಬುದೇ ಆ ಸಂಖ್ಯೆ, ಹಾಗಾಗಿ ಸಂಖ್ಯೆ ಹೆಚ್ಚಿದಷ್ಟೂ ಪುಡಿ ನುಣುಪು. 80 ಮೆಶ್ ಜರಡಿಯ ಕಣ್ಣಿನಲ್ಲಿ ಸುಮಾರು 180 ಮೈಕ್ರಾನ್ ಅಗಲದ ಕಣ ದಾಟಬಲ್ಲದು, 200 ಮೆಶ್‌ನಲ್ಲಿ ಸುಮಾರು 75 ಮೈಕ್ರಾನಿನದು. ನಮ್ಮ ತಲೆಗೂದಲಿನ ದಪ್ಪ ಹೆಚ್ಚುಕಡಿಮೆ ಅಷ್ಟೇ. ಚಿರೋಟಿ ರವೆಯನ್ನೂ ಮೈದಾವನ್ನೂ ಬೆರಳಲ್ಲಿ ಉಜ್ಜಿ ನೋಡಿದವರಿಗೆ ಈ ಅಂತರ ಎಂಥದ್ದೆಂದು ಬಿಡಿಸಿ ಹೇಳಬೇಕಿಲ್ಲ. ಬೀಸಿದರೆ ಹರಳು ಚಿಕ್ಕದಾಗುತ್ತದೆ, ಆದರೆ ಅಣು ಬದಲಾಗುವುದಿಲ್ಲ.

ನೀರಿಗೆ ಹಾಕಿದಾಗ ನುಣುಪು ಪುಡಿಗೆ ಎರಡು ಅನುಕೂಲಗಳಿವೆ. ಕರಗುವಿಕೆ ನಡೆಯುವುದು ಕಣದ ಹೊರಮೈಯಲ್ಲಿ. ಅದೇ 5 ಗ್ರಾಂ ಪುಡಿಯನ್ನು 180ರಿಂದ 75 ಮೈಕ್ರಾನಿಗೆ ಇಳಿಸಿದರೆ ನೀರಿಗೆ ಸಿಗುವ ಹೊರಮೈ ಸುಮಾರು ಎರಡೂವರೆ ಪಟ್ಟು ಹೆಚ್ಚುತ್ತದೆ, ಕರಗುವ ವೇಗವೂ ಏರುತ್ತದೆ. ಹುಳಿಗೆ ಕಲ್ಲುಪ್ಪು ಹಾಕಿದರೆ ತಡವಾಗಿ, ಪುಡಿಯುಪ್ಪು ಹಾಕಿದರೆ ಕೂಡಲೇ ಕರಗುವುದು ಇದೇ ಕಾರಣಕ್ಕೆ. ಎರಡನೆಯ ಅನುಕೂಲ ಕಣ್ಣಿಗೆ ಇನ್ನೂ ಚೆನ್ನಾಗಿ ಕಾಣುತ್ತದೆ. ಕರಗದೆ ಉಳಿದ ಕಣ ಕೆಳಗಿಳಿಯುವ ವೇಗ ಅದರ ಅಗಲದ ವರ್ಗಕ್ಕೆ ತಕ್ಕಂತೆ ಇರುತ್ತದೆ. ಹಾಗಾಗಿ 75 ಮೈಕ್ರಾನಿನ ಕಣ 180 ಮೈಕ್ರಾನಿನದಕ್ಕಿಂತ ಐದಾರು ಪಟ್ಟು ನಿಧಾನವಾಗಿ ತಳ ಸೇರುತ್ತದೆ. ಅಷ್ಟರಲ್ಲಿ ಕುಡಿದೇ ಮುಗಿದಿರುತ್ತದೆ. ಬಾಯಿಗೆ ಮರಳು ಸಿಕ್ಕಂತಾಗುವುದಿಲ್ಲ, ತಳದಲ್ಲೂ ಕಡಿಮೆ ಉಳಿಯುತ್ತದೆ. ಜಿಮ್ಮಿನವರು ಚೆನ್ನಾಗಿ ಬೆರೆಯುತ್ತದೆ ಎಂದದ್ದು ಸುಳ್ಳಲ್ಲ. ಆದರೆ ಅವರು ಕರಗಿತು ಎಂದುಕೊಂಡದ್ದರಲ್ಲಿ ಬಹುಪಾಲು ಕರಗಿರುವುದಿಲ್ಲ, ನೀರಿನಲ್ಲಿ ತೇಲುತ್ತಿರುತ್ತದೆ.

ನೀರು ಎಷ್ಟು ಕ್ರಿಯಾಟಿನ್ ಹಿಡಿದುಕೊಳ್ಳಬಲ್ಲದು ಎಂಬುದನ್ನು ಪುಡಿಯ ನುಣುಪು ನಿರ್ಧರಿಸುವುದಿಲ್ಲ. ಅದು ನೀರಿನ ಬಿಸಿಗೆ ಬಿಟ್ಟದ್ದು. 4 ಡಿಗ್ರಿಯ ಫ್ರಿಜ್ ನೀರು ಲೀಟರಿಗೆ ಸುಮಾರು 6 ಗ್ರಾಂ ಕರಗಿಸುತ್ತದೆ. 20 ಡಿಗ್ರಿಯಲ್ಲಿ ಅದು 14 ಗ್ರಾಂ, 50 ಡಿಗ್ರಿಯಲ್ಲಿ 34 ಗ್ರಾಂ. ಈಗ ನನ್ನ ಸೋದರಳಿಯನ ಲೋಟಕ್ಕೆ ಬರೋಣ. ಅವನು ಹಾಕುವುದು 5 ಗ್ರಾಂ, ನೀರು ಕಾಲು ಲೀಟರ್. ಫ್ರಿಜ್‌ನ ಕಾಲು ಲೀಟರ್ ನೀರಿಗೆ ಹೆಚ್ಚೆಂದರೆ ಒಂದೂವರೆ ಗ್ರಾಂ ಹಿಡಿಸುತ್ತದೆ. ಉಳಿದ ಮೂರೂವರೆ ಗ್ರಾಂ, ಜಗತ್ತಿನ ಅತಿ ನುಣುಪಾದ ಪುಡಿಯಾದರೂ, ಗಂಟೆಗಟ್ಟಲೆ ತಿರುಗಿಸಿದರೂ ಕರಗದು. ಅದೇ 20 ಡಿಗ್ರಿಯ ನೀರಾದರೆ ಮೂರೂವರೆ ಗ್ರಾಂ ಕರಗುತ್ತದೆ, ಪೂರ್ತಿ 5 ಗ್ರಾಂ ಕರಗಲು ಸುಮಾರು 360 ಮಿಲಿಲೀಟರ್ ಬೇಕು. 50 ಡಿಗ್ರಿಗೆ ಬಿಸಿ ಮಾಡಿದರೆ 150 ಮಿಲಿಲೀಟರ್, ಅಂದರೆ ಒಂದು ಕಾಫಿ ಲೋಟದಷ್ಟು ನೀರೇ ಸಾಕು.

ಹಾಗಾಗಿ ತಳದಲ್ಲಿ ಪುಡಿ ಕೂತಿತೆಂದು ಮಾಲು ನಕಲಿ ಎನ್ನಬಾರದು. ನನಗೆ ಅನುಮಾನ ಬರುವುದು ಇದರ ತಿರುಗುಮುರುಗು ನಡೆದಾಗ. ಮೊನೊಹೈಡ್ರೇಟ್ ಎಂದು ಬರೆದ ಡಬ್ಬಿಯ 5 ಗ್ರಾಂ ಪುಡಿ ಒಂದು ಲೋಟ ಫ್ರಿಜ್ ನೀರಿನಲ್ಲಿ ಕಲ್ಲುಸಕ್ಕರೆಯ ಪಾನಕದಂತೆ ತಿಳಿಯಾಗಿಬಿಟ್ಟರೆ, ಅದರಲ್ಲಿ ಬಹುಪಾಲು ಬೇರೇನೋ ಇದೆ. ಮೊನೊಹೈಡ್ರೇಟ್ ಅಷ್ಟು ತಣ್ಣೀರಿನಲ್ಲಿ ಅಷ್ಟು ಕರಗಲು ಸಾಧ್ಯವೇ ಇಲ್ಲ.

ಇನ್ನು ಹೊಟ್ಟೆಗೆ ಹೋದ ಮೇಲಿನ ಕಥೆ. ಕಣ ಸಣ್ಣದಾದರೆ ಹೀರಿಕೆ ಹೆಚ್ಚುತ್ತದೆ ಎಂಬ ನಂಬಿಕೆ ಗಾಳಿಯಲ್ಲಿ ಹುಟ್ಟಿದ್ದಲ್ಲ, ಔಷಧಗಳ ಲೋಕದಲ್ಲಿ ಅದಕ್ಕೆ ಗಟ್ಟಿ ಆಧಾರವಿದೆ. ಹುಳುಕಡ್ಡಿಗೆ ಕೊಡುತ್ತಿದ್ದ ಗ್ರಿಸಿಯೊಫಲ್ವಿನ್ ಎಂಬ ಮಾತ್ರೆ ಇದಕ್ಕೆ ಹೆಸರಾದ ಉದಾಹರಣೆ. ಅದು ನೀರಿನಲ್ಲಿ ಕರಗುವುದೇ ಇಲ್ಲವೆನ್ನುವಷ್ಟು ಕಡಿಮೆ. ಕರುಳಿನುದ್ದಕ್ಕೂ ಸಾಗಿಹೋಗುವುದರೊಳಗೆ ಅದರ ಸ್ವಲ್ಪ ಭಾಗ ಮಾತ್ರ ಕರಗಿ ರಕ್ತ ಸೇರುತ್ತಿತ್ತು, ಉಳಿದದ್ದು ವ್ಯರ್ಥ. ಅದನ್ನು ಕೆಲವೇ ಮೈಕ್ರಾನಿಗೆ ಅರೆದಾಗ ಮೊದಲಿನ ಅರ್ಧ ಪ್ರಮಾಣವೇ ಸಾಕಾಯಿತು. ಅಲ್ಲಿ ಕರಗುವುದೇ ಇಕ್ಕಟ್ಟಾಗಿತ್ತು, ಅರೆದದ್ದರಿಂದ ಆ ಇಕ್ಕಟ್ಟು ಸಡಿಲವಾಯಿತು.

ಕ್ರಿಯಾಟಿನ್‌ಗೆ ಆ ಇಕ್ಕಟ್ಟೇ ಇಲ್ಲ. ಲೋಟದಲ್ಲಿ ಕರಗದೆ ಉಳಿದ ಕಣ ಹೊಟ್ಟೆಗಿಳಿದರೆ ಅಲ್ಲಿ 37 ಡಿಗ್ರಿಯ ಬಿಸಿ ಇದೆ, ಹುಳಿ ಇದೆ, ಜೊತೆಗೆ ಜಠರ, ಪಿತ್ತ, ಕರುಳುಗಳು ದಿನಕ್ಕೆ ಹಲವು ಲೀಟರ್ ರಸ ಸುರಿಸುತ್ತಿರುತ್ತವೆ. 5 ಗ್ರಾಂ ಕರಗಲು ಅದು ಬೇಕಾದಷ್ಟಾಯಿತು. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕ್ರಿಯಾಟಿನ್ನನ್ನು ನೀರಿನಲ್ಲಿ ಕೊಟ್ಟಾಗಲೂ ತಿನ್ನುವ ಬಾರ್‌ಗಳಲ್ಲಿ ಬೆರೆಸಿ ಕೊಟ್ಟಾಗಲೂ ಅದು ಬಹುತೇಕ ಪೂರ್ತಿ ಹೀರಿಕೆಯಾದದ್ದು ಕಂಡುಬಂತು. ನೂರಕ್ಕೆ ನೂರರ ಹತ್ತಿರ ಹೀರಿಕೆಯಾಗುವ ವಸ್ತುವನ್ನು ಇನ್ನಷ್ಟು ಅರೆದು ಹೆಚ್ಚಿಸುವುದಾದರೂ ಏನನ್ನು?

ವೇಗ ಮಾತ್ರ ಸ್ವಲ್ಪ ಬದಲಾಗಬಹುದು. ಈ ಕ್ಷೇತ್ರದಲ್ಲಿ ದೊಡ್ಡ ಹೆಸರಾದ ಬ್ರಿಟನ್ನಿನ ರೋಜರ್ ಹ್ಯಾರಿಸ್ ಮತ್ತು ಸಂಗಡಿಗರು 2002ರಲ್ಲಿ ಇದನ್ನು ಅಳೆದು ನೋಡಿದ್ದರು. ಪೂರ್ತಿ ಕರಗಿಸಿ ಕುಡಿಸಿದಾಗ ರಕ್ತದಲ್ಲಿ ಕ್ರಿಯಾಟಿನ್ ಬೇಗನೆ, ಎತ್ತರಕ್ಕೆ ಏರಿತು. ಗಟ್ಟಿ ರೂಪದಲ್ಲಿ ಕೊಟ್ಟಾಗ ಅಷ್ಟು ಎತ್ತರಕ್ಕೆ ಏರಲಿಲ್ಲ. ಮಾಂಸದ ಮೂಲಕ ಕೊಟ್ಟಾಗ ಏರಿಕೆ ಇನ್ನೂ ಮೆಲ್ಲಗಿದ್ದು ಹೆಚ್ಚು ಹೊತ್ತು ಉಳಿಯಿತು. ಹಾಗಾದರೆ ಬೇಗ ಏರಿದ್ದೇ ಮೇಲಲ್ಲವೇ ಎನಿಸಬಹುದು. ನೋವಿನ ಮಾತ್ರೆಗಾದರೆ ಹೌದು, ಅದು ಬೇಗ ಏರಿದಷ್ಟೂ ನೋವು ಬೇಗ ಇಳಿಯುತ್ತದೆ. ಕ್ರಿಯಾಟಿನ್ ಕೆಲಸ ಮಾಡುವುದು ರಕ್ತದಲ್ಲಿ ಅಲ್ಲ, ಮಾಂಸಖಂಡದ ಒಳಗೆ. ಜೀವಕೋಶದ ಪೊರೆಯಲ್ಲಿರುವ ಒಂದು ಪ್ರೋಟೀನು ಅದನ್ನು ಹಿಡಿದು ಒಳಗೆ ಸಾಗಿಸಬೇಕು, ಆ ಸಾಗಣೆಗೆ ತನ್ನದೇ ಮಿತಿ ಇದೆ. ಹೊರಗೆ ಎಷ್ಟು ರಾಶಿ ಬಿದ್ದಿದ್ದರೂ ಒಳಹೋಗುವುದು ಅದರ ಶಕ್ತಿ ಇದ್ದಷ್ಟೇ, ಹೆಚ್ಚಾದದ್ದು ಮೂತ್ರದಲ್ಲಿ ಹೊರಟುಹೋಗುತ್ತದೆ.

ಅದಕ್ಕಿಂತ ಮುಖ್ಯವಾಗಿ, ಮಾಂಸಖಂಡ ತುಂಬುವುದು ನಿಮಿಷಗಳ ಲೆಕ್ಕದಲ್ಲಿ ಅಲ್ಲ, ದಿನಗಳ ಲೆಕ್ಕದಲ್ಲಿ. ಸ್ವೀಡನ್ನಿನ ಎರಿಕ್ ಹುಲ್ಟ್‌ಮನ್ ಮತ್ತು ಸಂಗಡಿಗರು 1996ರಲ್ಲಿ ಕೆಲವರಿಗೆ ದಿನಕ್ಕೆ 20 ಗ್ರಾಂನಂತೆ 6 ದಿನ, ಇನ್ನು ಕೆಲವರಿಗೆ ದಿನಕ್ಕೆ 3 ಗ್ರಾಂನಂತೆ 28 ದಿನ ಕೊಟ್ಟರು. ಕೊನೆಗೆ ಇಬ್ಬರ ಮಾಂಸಖಂಡದಲ್ಲೂ ಸಂಗ್ರಹ ಏರಿದ್ದು ಸುಮಾರು 20 ಶೇಕಡಾ. ದಿನಕ್ಕೆ ಆರೇಳು ಪಟ್ಟು ವ್ಯತ್ಯಾಸವೇ ತಿಂಗಳ ಕೊನೆಗೆ ಸಮನಾಗುವಾಗ, ಕಣ ಇಪ್ಪತ್ತು ನಿಮಿಷ ಮೊದಲು ಕರಗಿತೋ ಆಮೇಲೆ ಕರಗಿತೋ ಎಂಬುದು ಎತ್ತುವ ಭಾರದಲ್ಲಿ, ಓಡುವ ವೇಗದಲ್ಲಿ ಕಾಣಿಸಿಕೊಳ್ಳಲಾರದು. ಒಬ್ಬನಿಗೆ ಹೆಚ್ಚು, ಇನ್ನೊಬ್ಬನಿಗೆ ಕಡಿಮೆ ಫಲ ಸಿಗುವುದಕ್ಕೆ ಬೇರೆ ಕಾರಣವಿದೆ. ಮೊದಲೇ ಎಷ್ಟು ತುಂಬಿತ್ತು ಎಂಬುದರ ಮೇಲೆ ಅದು ನಿಂತಿದೆ. ಮಾಂಸ ಮೀನು ತಿನ್ನದವರ ಖಂಡಗಳಲ್ಲಿ ಕ್ರಿಯಾಟಿನ್ ಸಂಗ್ರಹ ಸಾಮಾನ್ಯವಾಗಿ ಕಡಿಮೆ ಇರುತ್ತದೆ. ಮುದ್ದೆ, ಸೊಪ್ಪುಸಾರು, ಮೊಸರನ್ನದಲ್ಲೇ ಬೆಳೆದ ಹುಡುಗನಿಗೆ ಏರಿಕೆಗೆ ಜಾಗ ಹೆಚ್ಚು.

ಹೊಟ್ಟೆ ಗುಡುಗುಡು ಎನ್ನುವವರಿಗೂ ನುಣುಪು ಪುಡಿಯನ್ನೇ ಸೂಚಿಸುವುದುಂಟು. ಬಾಯಿಗೆ ಮರಳು ಸಿಗುವುದು ತಪ್ಪುತ್ತದೆ ನಿಜ, ಆದರೆ ಭೇದಿಯಾಗಲು ಮುಖ್ಯ ಕಾರಣ ಒಮ್ಮೆಲೇ ತೆಗೆದುಕೊಳ್ಳುವ ಪ್ರಮಾಣ. ಫುಟ್‌ಬಾಲ್ ಆಟಗಾರರ ಮೇಲೆ ನಡೆದ ಒಂದು ಪರೀಕ್ಷೆಯಲ್ಲಿ, 5 ಗ್ರಾಂನಂತೆ ಎರಡು ಸಲ ತೆಗೆದುಕೊಂಡವರಿಗಿಂತ 10 ಗ್ರಾಂ ಒಟ್ಟಿಗೆ ನುಂಗಿದವರಲ್ಲಿ ಭೇದಿ ಹೆಚ್ಚಾಗಿತ್ತು.

ಸೋದರಳಿಯನಿಗೆ ನಾನು ಹೇಳಿದ್ದು ಇಷ್ಟೇ. ತಣ್ಣೀರು ಬಿಟ್ಟು ಉಗುರುಬೆಚ್ಚಗಿನ ನೀರಿಗೆ ಹಾಕು, ಎರಡು ನಿಮಿಷ ಬಿಟ್ಟು ಇನ್ನೊಮ್ಮೆ ತಿರುಗಿಸು. ಕುಡಿದ ಮೇಲೆ ತಳದಲ್ಲಿ ಉಳಿದರೆ ಸ್ವಲ್ಪ ನೀರು ಹಾಕಿ ತೊಳೆದು ಅದನ್ನೂ ಕುಡಿ. ಹೀರಿಕೆಯಲ್ಲಿ ನಷ್ಟವಿಲ್ಲ, ಸಿಂಕಿಗೆ ಸುರಿದದ್ದೇ ನಿಜವಾದ ನಷ್ಟ. ನಿಂಬೆ ಶರಬತ್ತಿನಲ್ಲಿ ಬೆರೆಸಿ ದಿನಗಟ್ಟಲೆ ಇಡಬೇಡ. ಹುಳಿ ನೀರಿನಲ್ಲಿ ಕ್ರಿಯಾಟಿನ್ ನಿಧಾನಕ್ಕೆ ಕ್ರಿಯಾಟಿನಿನ್ ಎಂಬ ಉಪಯೋಗವಿಲ್ಲದ ವಸ್ತುವಾಗುತ್ತದೆ, ಶರಬತ್ತು ಹುಳಿಯಾದಷ್ಟೂ ಬೇಗ. ಬೆರೆಸಿದ ಕೂಡಲೇ ಕುಡಿದರೆ ಏನೂ ತೊಂದರೆಯಿಲ್ಲ. ಒಣ ಪುಡಿ ವರ್ಷಗಟ್ಟಲೆ ಕೆಡುವುದಿಲ್ಲ. ಮಳೆಗಾಲದಲ್ಲಿ, ಅದರಲ್ಲೂ ಮಂಗಳೂರು ಉಡುಪಿಯ ಕಡೆ, ಮುಚ್ಚಳ ಸಡಿಲವಿದ್ದರೆ ಗಂಟು ಕಟ್ಟಬಹುದು. ಒಡೆದು ಹಾಕಿಕೊಂಡರಾಯಿತು.

ಅವನು ಮುಂದಿನ ಡಬ್ಬಿಯನ್ನು ಮೈಕ್ರೊನೈಸ್ಡೇ ತಂದ, ಬಾಯಿಗೆ ಹಿತ ಎಂದ. ಬೆಲೆಯಲ್ಲಿ ಹೆಚ್ಚು ಅಂತರವಿರಲಿಲ್ಲ, ನಾನೂ ಬೇಡವೆನ್ನಲಿಲ್ಲ. ಆದರೆ ಹಳೆಯ ಡಬ್ಬಿಯ ಚಮಚವನ್ನೇ ಹೊಸದರಲ್ಲೂ ಇಟ್ಟುಕೊಂಡಿದ್ದ. ನುಣುಪು ಪುಡಿ ಚಮಚದಲ್ಲಿ ಬೇರೆಯೇ ರೀತಿ ಕೂರುತ್ತದೆ, ಗಾಳಿ ತುಂಬಿ ಉಬ್ಬಿದ್ದರೆ ಕಡಿಮೆ, ಅದುಮಿದರೆ ಹೆಚ್ಚು. ಅಡುಗೆಮನೆಯ ತಕ್ಕಡಿಯ ಮೇಲೆ ಲೋಟವಿಟ್ಟು, ಮುಳ್ಳನ್ನು ಸೊನ್ನೆಗೆ ತಂದು, ಒಂದು ಚಮಚ ಸುರಿಯಲು ಹೇಳಿದೆ. 5 ಗ್ರಾಂ ಎಂದು ಅವನು ನಂಬಿದ್ದ ಚಮಚ 4 ಗ್ರಾಂ ತೋರಿಸಿತು. ದಿನಕ್ಕೆ 3ರಿಂದ 5 ಗ್ರಾಂ ಸಾಕಾದ್ದರಿಂದ ಅದನ್ನು ಹಾಗೆಯೇ ಬಿಟ್ಟೆವು.