ಕಣ್ಣು ನೋಡುವಾಗ ಕಿವಿಗೆ ಎಷ್ಟು ಹೇಳಬೇಕು?

ಸೋಮನಾಥಪುರದ ಕೇಶವ ದೇವಾಲಯವನ್ನು ಪರಿಚಯಿಸುವ ಬರಹಗಳಲ್ಲಿ ಇಂಥದೊಂದು ವಾಕ್ಯ ಇದ್ದೇ ಇರುತ್ತದೆ: ‘ಹೊಯ್ಸಳ ದೊರೆ ಮೂರನೆಯ ನರಸಿಂಹನ ದಂಡನಾಯಕನಾಗಿದ್ದ ಸೋಮನಾಥನಿಂದ 1258ರಲ್ಲಿ ನಿರ್ಮಿಸಲ್ಪಟ್ಟ, ನಕ್ಷತ್ರಾಕಾರದ ಜಗತಿಯ ಮೇಲೆ ನಿಂತಿರುವ, ಮೂರು ಗರ್ಭಗೃಹಗಳುಳ್ಳ ಈ ತ್ರಿಕೂಟ ದೇವಾಲಯವು ಹೊಯ್ಸಳ ಶಿಲ್ಪಕಲೆಯ ಉತ್ಕೃಷ್ಟ ಉದಾಹರಣೆಯಾಗಿದೆ.’ ಓದುವವರಿಗೆ ಇದರಿಂದ ತೊಂದರೆಯಿಲ್ಲ. ಅರ್ಥವಾಗದಿದ್ದರೆ ಕಣ್ಣು ಹಿಂದಕ್ಕೆ ಹೋಗಿ ಮತ್ತೊಮ್ಮೆ ಓದುತ್ತದೆ. ಇದೇ ವಾಕ್ಯ ಇಯರ್‌ಫೋನಿನಲ್ಲಿ ಬಂದರೆ ಕಥೆ ಬೇರೆ. ಕನ್ನಡದಲ್ಲಿ ಕ್ರಿಯಾಪದ ಬರುವುದು ಕೊನೆಗೆ. ದೊರೆ, ದಂಡನಾಯಕ, ಇಸವಿ, ಜಗತಿ, ತ್ರಿಕೂಟ ಎಲ್ಲವನ್ನೂ ತಲೆಯಲ್ಲಿ ಹೊತ್ತುಕೊಂಡು ಕೇಳುಗ ‘ಆಗಿದೆ’ ಎಂಬಲ್ಲಿಯವರೆಗೆ ಕಾಯಬೇಕು. ಅಷ್ಟರಲ್ಲಿ ಅವನ ಕಣ್ಣು ಎದುರಿನ ಕಲ್ಲಿನ ಮೇಲೆ ಎಲ್ಲೋ ಹೋಗಿರುತ್ತದೆ. ಹೋಗಲೇಬೇಕು, ಅವನು ಬಂದಿರುವುದೇ ನೋಡಲು.

ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಇಂಥ ಜಾಗಗಳಲ್ಲಿ ಮೊಬೈಲಿನಲ್ಲೋ ಬಾಡಿಗೆ ಉಪಕರಣದಲ್ಲೋ ಕೇಳುವ ಆಡಿಯೊ ಗೈಡ್‌ಗೆ ಕನ್ನಡದಲ್ಲಿ ಬರೆಯುವುದು ಹೇಗೆ ಎಂಬುದನ್ನು ಸೋಮನಾಥಪುರವನ್ನೇ ಇಟ್ಟುಕೊಂಡು ನೋಡೋಣ.

ಮೊದಲ ಕೆಲಸ ಬರೆಯುವುದಲ್ಲ, ನಡೆಯುವುದು. ದೇವಾಲಯ ಪೂರ್ವಕ್ಕೆ ಮುಖ ಮಾಡಿದೆ. ಜಗತಿ ಹತ್ತಿ ಎಡಕ್ಕೆ ತಿರುಗಿ ಪ್ರದಕ್ಷಿಣೆ ಹೊರಟರೆ ಮೊದಲು ಸಿಗುವುದು ದಕ್ಷಿಣದ ಗೋಡೆ. ಅಲ್ಲಿ ರಾಮಾಯಣವಿದೆ. ಹಿಂಬದಿಗೆ, ಅಂದರೆ ಪಶ್ಚಿಮಕ್ಕೆ ಬಂದರೆ ಭಾಗವತದ ಕೃಷ್ಣನ ಕಥೆಗಳು. ಸುತ್ತಿ ಉತ್ತರಕ್ಕೆ ಬಂದರೆ ಮಹಾಭಾರತ. ಕೇಳುವವರು ಯಾವ ಕ್ರಮದಲ್ಲಿ ನಡೆಯಬೇಕು ಎಂಬುದನ್ನು ಕಟ್ಟಿದವರೇ ಹೇಳಿಟ್ಟಿದ್ದಾರೆ. ಆಡಿಯೊದ ಕಂತುಗಳೂ ಅದೇ ದಾರಿಯಲ್ಲಿ ಹೋಗಬೇಕು. ಮೊದಲ ಕಂತಿನಲ್ಲಿ ಹೊಯ್ಸಳ ವಂಶದ ಇತಿಹಾಸ, ಎರಡನೆಯದರಲ್ಲಿ ವಾಸ್ತುಶೈಲಿ, ಮೂರನೆಯದರಲ್ಲಿ ಶಿಲ್ಪಗಳು ಎಂದು ಪುಸ್ತಕದ ಅಧ್ಯಾಯಗಳಂತೆ ವಿಂಗಡಿಸಿದರೆ, ಮೊದಲೆರಡು ಕಂತು ಮುಗಿಯುವವರೆಗೆ ಜನ ಬಿಸಿಲಿನಲ್ಲಿ ನಿಂತೇ ಇರಬೇಕಾಗುತ್ತದೆ.

ಬಿಸಿಲಿನ ಮಾತನ್ನು ಸುಮ್ಮನೆ ಹೇಳಲಿಲ್ಲ. ಜಗತಿಯ ಮೇಲೆ ಓಡಾಡುವುದು ಬರಿಗಾಲಿನಲ್ಲಿ. ಏಪ್ರಿಲ್ ಮಧ್ಯಾಹ್ನ ಆ ಕಲ್ಲಿನ ಮೇಲೆ ಎರಡು ನಿಮಿಷದ ವಿವರಣೆಯನ್ನು ನಿಂತು ಕೇಳುವ ಪುಣ್ಯಾತ್ಮರು ಯಾರಿದ್ದಾರೆ? ಹಾಗಾಗಿ ಹೊರಗೋಡೆಯ ಕಂತುಗಳು ಒಂದು, ಒಂದೂಕಾಲು ನಿಮಿಷ ಮೀರಬಾರದು. ದಂಡನಾಯಕ ಸೋಮನಾಥನ ವಿಷಯ, ಅವನು ಕಟ್ಟಿಸಿದ ಅಗ್ರಹಾರ, ಶಾಸನ ಇವನ್ನೆಲ್ಲ ನೆರಳಿರುವಲ್ಲಿ ಹೇಳಬಹುದು. ಮಹಾದ್ವಾರದ ಮಂಟಪ ಇದೆ, ಅಂಗಳದ ಸುತ್ತ ಕೈಸಾಲೆ ಇದೆ. ಅಲ್ಲಿ ಕೂತವರಿಗೆ ಮೂರು ನಿಮಿಷವೂ ಉದ್ದವೆನಿಸುವುದಿಲ್ಲ.

ಇನ್ನು ಒಂದು ಕಂತಿನ ಒಳಗೆ ಮಾತಿನ ಕ್ರಮ. ಮೊದಲು ಕಾಲಿಗೆ ಹೇಳಬೇಕು: ಎಲ್ಲಿ ನಿಲ್ಲಬೇಕು. ಆಮೇಲೆ ಕಣ್ಣಿಗೆ: ಎಲ್ಲಿ ನೋಡಬೇಕು. ಅದು ಏನು ಎಂಬುದು ಅದಾದ ಮೇಲೆ. ಬರೆಯುವವರು ಇದನ್ನು ತಿರುವುಮುರುವು ಮಾಡುವುದೇ ಹೆಚ್ಚು. ‘ಭಾಗವತದ ಕಥೆಗಳಲ್ಲಿ ಕಾಳಿಯಮರ್ದನಕ್ಕೆ ವಿಶೇಷ ಸ್ಥಾನವಿದೆ’ ಎಂದು ಶುರುಮಾಡಿ, ಆ ಕಥೆಯನ್ನೆಲ್ಲ ಹೇಳಿ, ಕೊನೆಗೆ ‘ಅದನ್ನು ನಿಮ್ಮ ಬಲಗಡೆ ಕಾಣಬಹುದು’ ಎನ್ನುತ್ತಾರೆ. ಅಷ್ಟು ಹೊತ್ತೂ ಕೇಳುಗ ಕಾಳಿಯನನ್ನು ಹುಡುಕುತ್ತ ಕತ್ತು ತಿರುಗಿಸುತ್ತಿರುತ್ತಾನೆ, ಕಥೆ ಕಿವಿಗೆ ಬಿದ್ದಿರುವುದಿಲ್ಲ. ಬಲಗಡೆ ಎಂದರೆ ಯಾರ ಬಲ ಎಂಬುದೂ ಸ್ಪಷ್ಟವಿರಬೇಕು. ವಿಷ್ಣುವಿನ ಇಪ್ಪತ್ನಾಲ್ಕು ರೂಪಗಳನ್ನು ಗುರುತಿಸುವುದೇ ಶಂಖ, ಚಕ್ರ, ಗದೆ, ಪದ್ಮ ಯಾವ ಕೈಯಲ್ಲಿವೆ ಎಂಬುದರಿಂದ. ಶಿಲ್ಪಶಾಸ್ತ್ರದ ಪುಸ್ತಕ ಬಲಗೈ ಎಂದಾಗ ಅದು ವಿಗ್ರಹದ ಬಲಗೈ. ಎದುರು ನಿಂತವರಿಗೆ ಅದು ಎಡಕ್ಕಿರುತ್ತದೆ. ‘ನಿಮ್ಮ ಎಡಕ್ಕೆ ಕಾಣುವ ಮೇಲಿನ ಕೈ’ ಎಂದರೆ ಗೊಂದಲವಿಲ್ಲ.

ದಕ್ಷಿಣದ ಗೋಡೆಯ ಒಂದು ಕಂತನ್ನೇ ತೆಗೆದುಕೊಳ್ಳಿ. ಗೋಡೆಯ ಬುಡದಲ್ಲಿ ಒಂದರ ಮೇಲೊಂದು ಆರು ಪಟ್ಟಿಕೆಗಳಿವೆ. ಕೆಳಗಿನಿಂದ ಆನೆ, ಕುದುರೆ ಸವಾರರು, ಬಳ್ಳಿ, ಪುರಾಣಕಥೆ, ಮಕರ, ಹಂಸ. ಆರನ್ನೂ ಒಂದೇ ಉಸಿರಿಗೆ ಹೇಳಿದರೆ ನಾಲ್ಕನೆಯದಕ್ಕೆ ಬರುವಾಗ ಮೊದಲನೆಯದು ಮರೆತಿರುತ್ತದೆ. ನಾನಾದರೆ ಹೀಗೆ ಬರೆದೇನು. ಕಂಸದಲ್ಲಿರುವುದು ಓದುವವರಿಗೆ ಸೂಚನೆ:

‘ಗೋಡೆಯಿಂದ ಎರಡು ಹೆಜ್ಜೆ ದೂರ ನಿಂತುಕೊಳ್ಳಿ. (3 ಸೆಕೆಂಡು) ಎಲ್ಲಕ್ಕಿಂತ ಕೆಳಗಿನ ಸಾಲು ನೋಡಿ. ಆನೆಗಳು. ಒಂದರ ಹಿಂದೆ ಒಂದು. ಯಾವುದಾದರೂ ಎರಡು ಆನೆಗಳನ್ನು ಹೋಲಿಸಿ ನೋಡಿ, ಪೂರ್ತಿ ಒಂದೇ ಥರ ಇವೆಯೇ? (7 ಸೆಕೆಂಡು) ಅದರ ಮೇಲೆ ಕುದುರೆ ಸವಾರರು. ಅದಕ್ಕೂ ಮೇಲೆ ಬಳ್ಳಿ. (4 ಸೆಕೆಂಡು) ಬಳ್ಳಿಯ ಮೇಲಿನ ಸಾಲಿನಲ್ಲಿ ಚಿಕ್ಕ ಚಿಕ್ಕ ಮನುಷ್ಯರು ಕಾಣುತ್ತಾರೆ. ಇದು ರಾಮಾಯಣ. ನೀವು ನಡೆಯುವ ಕಡೆಗೇ ಕಥೆಯೂ ನಡೆಯುತ್ತದೆ. ಈ ಸಾಲನ್ನೇ ನೋಡುತ್ತ ಮುಂದಿನ ಮೂಲೆಯವರೆಗೆ ಹೋಗಿ. ಕಪಿಗಳು ಕಂಡಲ್ಲಿ ನಿಂತು ಮುಂದಿನ ಕಂತು ಒತ್ತಿ.’

ಪದಗಳು ಅರವತ್ತರ ಆಸುಪಾಸು. ಮಕರ, ಹಂಸ ಇಲ್ಲಿಲ್ಲ, ಮುಂದಿನ ಮೂಲೆಗೆ ಉಳಿಸಿದ್ದೇನೆ. ಇಸವಿ, ರಾಜನ ಹೆಸರು ಇಲ್ಲ. ಪಟ್ಟಿಕೆ ಎಂಬ ಪದವೂ ಇಲ್ಲ, ‘ಸಾಲು’ ಎಂದರೆ ಸಾಕಾಗುತ್ತದೆ. ಜಗತಿ, ನವರಂಗ, ಭುವನೇಶ್ವರಿ ಇಂಥ ಪದಗಳನ್ನು ಬಿಟ್ಟೇ ಬಿಡಬೇಕೆಂದಲ್ಲ. ವಸ್ತುವನ್ನು ಮೊದಲು ತೋರಿಸಿ, ಆಮೇಲೆ ‘ಇದಕ್ಕೆ ಭುವನೇಶ್ವರಿ ಅನ್ನುತ್ತಾರೆ’ ಎಂದರೆ ಪದ ನೆನಪಿನಲ್ಲಿ ಉಳಿಯುತ್ತದೆ. ಒಂದು ಕಂತಿಗೆ ಒಂದು ಹೊಸ ಪದ ಸಾಕು, ಒಂದು ಇಸವಿ ಸಾಕು. ಆ ಇಸವಿಯನ್ನು ಅಂಕಿಯಲ್ಲಿ ಬರೆದುಕೊಟ್ಟರೆ ಓದುವವರು ಹನ್ನೆರಡು ಐವತ್ತೆಂಟು ಎಂದು ಓದಿಯಾರು. ‘ಸಾವಿರದ ಇನ್ನೂರ ಐವತ್ತೆಂಟು’ ಎಂದು ಅಕ್ಷರದಲ್ಲೇ ಬರೆಯಬೇಕು. ಜೊತೆಗೆ ‘ಏಳೂವರೆ ಶತಮಾನದ ಹಿಂದೆ’ ಎಂದೂ ಸೇರಿಸಿದರೆ ಕೇಳುಗರಿಗೆ ಲೆಕ್ಕ ಹಾಕುವ ಕೆಲಸ ತಪ್ಪುತ್ತದೆ.

ಮೌನದ ವಿಷಯ ಸ್ವಲ್ಪ ಸೂಕ್ಷ್ಮ. ಏಳು ಸೆಕೆಂಡು ಕಾಗದದ ಮೇಲೆ ಏನೂ ಅಲ್ಲ, ಇಯರ್‌ಫೋನಿನಲ್ಲಿ ತುಂಬ ದೀರ್ಘ. ಮೂರನೆಯ ಸೆಕೆಂಡಿಗೆ ಜನ ಆಡಿಯೊ ನಿಂತುಹೋಯಿತೆಂದು ಮೊಬೈಲ್ ತೆಗೆದು ನೋಡುತ್ತಾರೆ. ಅಲ್ಲಿಗೆ ಕಣ್ಣು ಗೋಡೆಯಿಂದ ಪರದೆಗೆ ಬಂತು, ಮೌನ ಕೊಟ್ಟದ್ದು ದಂಡ. ಇದಕ್ಕೆ ಎರಡು ಉಪಾಯ. ಮೌನಕ್ಕೆ ಮೊದಲು ಕಣ್ಣಿಗೊಂದು ಕೆಲಸ ಕೊಡುವುದು, ಮೇಲೆ ಆನೆಗಳನ್ನು ಹೋಲಿಸಿ ಎಂದಂತೆ. ಎರಡನೆಯದು, ಆ ಜಾಗದಲ್ಲಿ ಪೂರ್ತಿ ನಿಶ್ಶಬ್ದ ಬಿಡದಿರುವುದು. ದೇವಾಲಯದ ಅಂಗಳದಲ್ಲೇ ಬೆಳಗ್ಗೆ ಒಂದೆರಡು ನಿಮಿಷ ಧ್ವನಿಮುದ್ರಿಸಿಕೊಂಡ ಗಾಳಿ, ಹಕ್ಕಿಗಳ ಸದ್ದನ್ನು ಇಡೀ ಕಂತಿನ ಅಡಿಯಲ್ಲಿ ಮೆಲ್ಲಗೆ ಹರಿಸಿದರೆ ಮಾತು ನಿಂತಾಗಲೂ ಆಡಿಯೊ ನಡೆಯುತ್ತಿದೆ ಎಂದು ಕಿವಿಗೆ ಗೊತ್ತಾಗುತ್ತದೆ. ಬಹಳ ಕಡೆ ಇಲ್ಲಿ ವೀಣೆಯನ್ನೋ ಕೊಳಲನ್ನೋ ತುಂಬುತ್ತಾರೆ. ನನಗೆ ಅದು ಹಿಡಿಸುವುದಿಲ್ಲ. ಸಂಗೀತ ಬಂದರೆ ಮನಸ್ಸು ಸಂಗೀತದ ಕಡೆಗೆ ಹೋಗುತ್ತದೆ, ಕಲ್ಲು ನೋಡುವವರು ಯಾರು?

ಒಳಗೆ ಹೋದಾಗ ಬೇರೆಯದೇ ಲೆಕ್ಕ. ಬಿಸಿಲಿನಿಂದ ನವರಂಗಕ್ಕೆ ಕಾಲಿಟ್ಟವರಿಗೆ ಮೊದಲು ಏನೂ ಕಾಣುವುದಿಲ್ಲ, ಕಣ್ಣು ಕತ್ತಲಿಗೆ ಹೊಂದಿಕೊಳ್ಳಬೇಕು. ಆದ್ದರಿಂದ ಅಲ್ಲಿನ ಕಂತು ‘ಮೇಲೆ ನೋಡಿ’ ಎಂದು ಶುರುವಾಗಬಾರದು. ನೋಡುವ ಅಗತ್ಯವಿಲ್ಲದ ಮಾತನ್ನು ಮೊದಲು ಹೇಳಬೇಕು. ಎದುರಿಗೆ ಕೇಶವ, ಉತ್ತರಕ್ಕೆ ಜನಾರ್ದನ, ದಕ್ಷಿಣಕ್ಕೆ ವೇಣುಗೋಪಾಲ, ಹೀಗೆ ಮೂರು ಗರ್ಭಗುಡಿಗಳಿವೆ, ಮೂಲದ ಕೇಶವ ವಿಗ್ರಹ ಈಗಿಲ್ಲ ಎಂಬುದನ್ನು ಇಲ್ಲಿ ನಿಧಾನವಾಗಿ ಹೇಳಬಹುದು. ‘ಇಲ್ಲಿ ಯಾಕೆ ಪೂಜೆ ನಡೆಯುವುದಿಲ್ಲ?’ ಎಂಬುದು ಅಲ್ಲಿ ನಿಂತ ಪ್ರತಿಯೊಬ್ಬರ ಮನಸ್ಸಿನಲ್ಲೂ ಇರುವ ಪ್ರಶ್ನೆ. ಅದಕ್ಕೂ ಇಲ್ಲೇ ಉತ್ತರ ಕೊಡಬೇಕು. ಅರ್ಧ ನಿಮಿಷ ಕಳೆದ ಮೇಲೆ ತಲೆಯೆತ್ತಲು ಹೇಳಿದರೆ, ಬಾಳೆಮೂತಿ ಇಳಿಬಿದ್ದಂತಿರುವ ಛಾವಣಿಯ ಕೆತ್ತನೆಗಳು ಕಾಣುತ್ತವೆ. ಬೇಲೂರಿನ ಚೆನ್ನಕೇಶವನ ಗುಡಿಯಲ್ಲಾದರೆ ಈ ಲೆಕ್ಕವೂ ನಡೆಯದು. ಅಲ್ಲಿ ನಿತ್ಯ ಪೂಜೆಯಿದೆ, ಮಂಗಳಾರತಿ ಹೊತ್ತಿನಲ್ಲಿ ಇಯರ್‌ಫೋನ್ ಹಾಕಿಕೊಂಡು ನಿಲ್ಲುವುದು ಚೆನ್ನಾಗಿರುವುದಿಲ್ಲ. ಗರ್ಭಗುಡಿಯ ಕಂತನ್ನು ಬಾಗಿಲಾಚೆಯೇ ಮುಗಿಸಿ, ‘ದರ್ಶನ ಮಾಡಿಕೊಂಡು ಬನ್ನಿ’ ಎಂದು ಬಿಟ್ಟುಬಿಡುವುದು ಸರಿ.

ಐತಿಹ್ಯದ ಬಗ್ಗೆ ಒಂದು ಮಾತು. ಬೇಲೂರಿನಲ್ಲಿ ಜಕಣಾಚಾರಿಯ ಕಥೆ ಹೇಳದಿದ್ದರೆ ಜನ ಒಪ್ಪುವುದಿಲ್ಲ, ಆದರೆ ಅಲ್ಲಿನ ಶಿಲ್ಪಗಳ ಮೇಲೆ ಕಾಣುವುದು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವರ ಹೆಸರು. ಎರಡನ್ನೂ ಹೇಳಬಹುದು, ಒಂದೇ ದನಿಯಲ್ಲಿ ಹೇಳಬಾರದು. ಅಚ್ಚಿನಲ್ಲಾದರೆ ಅಡಿಟಿಪ್ಪಣಿ ಹಾಕಬಹುದು, ಕಿವಿಗೆ ಆ ಅನುಕೂಲವಿಲ್ಲ. ‘ಊರವರು ಹೀಗೆ ಹೇಳುತ್ತಾರೆ’ ಎಂದು ಶುರುವಿನಲ್ಲೇ ಹೇಳಿ, ಕಥೆ ಮುಗಿದ ಮೇಲೆ ಒಂದು ಕ್ಷಣ ನಿಲ್ಲಿಸಿ, ‘ಕಲ್ಲಿನ ಮೇಲೆ ಕೆತ್ತಿರುವ ಹೆಸರುಗಳು ಬೇರೆ’ ಎನ್ನಬೇಕು. ಸೋಮನಾಥಪುರದಲ್ಲಿ ಮಲ್ಲಿತಮ್ಮನೆಂಬ ಶಿಲ್ಪಿಯ ಹೆಸರು ಹಲವು ವಿಗ್ರಹಗಳ ಪೀಠದಲ್ಲಿದೆ. ಅದನ್ನು ಪೀಠಿಕೆಯಲ್ಲಿ ಹೇಳಿ ಮುಗಿಸುವುದಕ್ಕಿಂತ, ಆ ಅಕ್ಷರ ಕಣ್ಣಿಗೆ ಕಾಣುವ ಒಂದು ವಿಗ್ರಹದ ಎದುರು ನಿಲ್ಲಿಸಿ ಹೇಳುವುದೇ ಲೇಸು.

ಬರೆದದ್ದು ಸರಿಯಿದೆಯೋ ಇಲ್ಲವೋ ತಿಳಿಯಲು ಒಂದೇ ದಾರಿ. ಆ ದೇವಾಲಯ ನೋಡಿರದ ಒಬ್ಬರಿಗೆ ಆಡಿಯೊ ಕೊಟ್ಟು, ಮಾತಾಡದೆ ಹಿಂದೆ ಹಿಂದೆ ನಡೆಯಬೇಕು. ತಲೆ ಅತ್ತಿತ್ತ ಹುಡುಕಾಡಿದರೆ ಜಾಗದ ಸೂಚನೆ ತಪ್ಪಾಗಿದೆ. ಮಾತು ಮುಗಿಯುವ ಮೊದಲೇ ಕಾಲು ಮುಂದಕ್ಕೆ ಹೊರಟರೆ ಕಂತು ಉದ್ದವಾಗಿದೆ. ಕಂತು ಮುಗಿದ ಮೇಲೂ ಅಲ್ಲೇ ನಿಂತು ನೋಡುತ್ತಿದ್ದರೆ ಅದನ್ನು ಮುಟ್ಟಬೇಡಿ, ಚೆನ್ನಾಗಿದೆ.

ಕೊನೆಯದಾಗಿ, ಇಂಥ ಯೋಜನೆ ಕೈಗೊಳ್ಳುವವರಲ್ಲಿ ಒಂದು ಕೋರಿಕೆ. ಪಠ್ಯವನ್ನು ಇಂಗ್ಲಿಷಿನಲ್ಲಿ ಮೊದಲು ಸಿದ್ಧಪಡಿಸಿ, ಅದರ ಅನುವಾದವನ್ನು ಅಷ್ಟೇ ಸೆಕೆಂಡುಗಳಲ್ಲಿ ಮುಗಿಸಿ ಎಂದು ಕನ್ನಡದವರಿಗೆ ಹೇಳುವ ರೂಢಿ ಇದೆ. ಕನ್ನಡದ ಪದಗಳು ಉದ್ದ, ವಿಭಕ್ತಿ ಪ್ರತ್ಯಯವೆಲ್ಲ ಪದಕ್ಕೇ ಅಂಟಿಕೊಂಡಿರುತ್ತದೆ. ಆ ಅವಧಿಗೆ ಹೊಂದಿಸಲು ಹೋದರೆ ಓದುವವರು ಓಡುತ್ತಾರೆ, ಮೊದಲು ಬಲಿಯಾಗುವುದು ನಡುವಿನ ಮೌನಗಳೇ. ನೋಡುತ್ತ ಕೇಳುವವರಿಗೆ ಕನ್ನಡದಲ್ಲಿ ನಿಮಿಷಕ್ಕೆ ಎಂಬತ್ತು, ತೊಂಬತ್ತು ಪದಗಳಿಗಿಂತ ಹೆಚ್ಚು ಹೇಳಬೇಡಿ. ಗಡಿಯಾರ ಹಿಡಿದು ಗಟ್ಟಿಯಾಗಿ ಓದಿಸಿ, ಕನ್ನಡದ ಕಂತಿಗೆ ಬೇಕಾದಷ್ಟು ಸಮಯವನ್ನು ಅದಕ್ಕೇ ಬೇರೆಯಾಗಿ ಕೊಡಿ.