ದೊಡ್ಡ ಕಡತವನ್ನು ಕಂತುಗಳಲ್ಲಿ ಇಳಿಸಿಕೊಳ್ಳುವ ಕ್ರಮ

ಶಾಲೆಯ ಗಣಕಯಂತ್ರಗಳಿಗೆ ಉಬುಂಟು 24.04 ಅಳವಡಿಸಬೇಕೆಂದರೆ ಸುಮಾರು 6 ಜಿಬಿ ಗಾತ್ರದ ಕಡತವನ್ನು ಇಳಿಸಿಕೊಳ್ಳಬೇಕಾಗುತ್ತದೆ. ದಿನಕ್ಕೆ 1.5 ಜಿಬಿ ಮಿತಿಯುಳ್ಳ ಮೊಬೈಲ್ ಸಂಪರ್ಕದಲ್ಲಿ ಇದು ಒಂದು ದಿನದ ಕೆಲಸವಲ್ಲ. ದಿನಕ್ಕೆ 1.2 ಜಿಬಿಯಂತೆ ತಂದರೆ ಐದು ದಿನಗಳಲ್ಲಿ ಮುಗಿಯುತ್ತದೆ. ಉಳಿದ ಡೇಟಾ ನಿತ್ಯದ ಬಳಕೆಗೆ ಸಿಗುತ್ತದೆ. ಆದರೆ ಪ್ರತಿದಿನವೂ ನಿಲ್ಲಿಸಿದ ಸ್ಥಳದಿಂದಲೇ ಮುಂದುವರಿಯಬೇಕು. ಮೊದಲಿನಿಂದ ಆರಂಭವಾದರೆ ಹಿಂದಿನ ದಿನದ ಡೇಟಾ ವ್ಯರ್ಥ.

ಮುಂದುವರಿಕೆಯ ತತ್ತ್ವ ಸರಳ. ಎಷ್ಟು ಭಾಗ ಬಂದಿದೆಯೆಂದು ನೋಡಿ, ಅಲ್ಲಿಂದ ಮುಂದಿನದನ್ನು ಮಾತ್ರ ಕಳುಹಿಸುವಂತೆ ಡೌನ್‌ಲೋಡ್ ತಂತ್ರಾಂಶವು ಸರ್ವರನ್ನು ಕೇಳುತ್ತದೆ. ವಿಂಡೋಸ್ 10ರ ಈಚಿನ ಆವೃತ್ತಿಗಳಲ್ಲಿ ಮೊದಲೇ ಇರುವ curl ಈ ಕೆಲಸಕ್ಕೆ ಸಾಕು. ಕಡತ ಸೇರಬೇಕಾದ ಫೋಲ್ಡರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಹೀಗೆ ಬರೆಯಬೇಕು:

```
curl.exe -f -L -C - -O "ಕಡತದ ವಿಳಾಸ"
```

ಆ ದಿನದ ಪಾಲು ಮುಗಿದಾಗ Ctrl+C ಒತ್ತಿದರೆ ಕೆಲಸ ನಿಲ್ಲುತ್ತದೆ. ಬಂದ ಭಾಗ ಉಳಿಯುತ್ತದೆ. ಮರುದಿನ ಅದೇ ಫೋಲ್ಡರಿನಲ್ಲಿ ಅದೇ ಆದೇಶವನ್ನು ಕೊಡಬೇಕು. ತೆರೆಯಲ್ಲಿ Resuming transfer ಎಂಬ ಸಾಲು ಕಂಡರೆ ಬಂದಿರುವ ಭಾಗ ಗುರುತಿಸಲ್ಪಟ್ಟಿದೆ ಎಂದರ್ಥ. ಅದರ ಬದಲು 33ನೆಯ ದೋಷಸಂಖ್ಯೆ ಬಂದರೆ ಆ ಸರ್ವರ್ ಮುಂದುವರಿಕೆಗೆ ಅವಕಾಶ ಕೊಡುವುದಿಲ್ಲ. ಆಗ ಉಬುಂಟುವಿನ ಅಧಿಕೃತ ಪಟ್ಟಿಯಿಂದ ಬೇರೊಂದು ಮಿರರ್ ಆರಿಸಬಹುದು. ಮಿರರ್ ಎಂದರೆ ಅದೇ ಕಡತದ ಪ್ರತಿಯನ್ನು ಇರಿಸಿಕೊಂಡಿರುವ ಇನ್ನೊಂದು ಸರ್ವರ್. ಕಡತದ ಹೆಸರು ಅಕ್ಷರಶಃ ಒಂದೇ ಆಗಿದ್ದರೆ ಅರ್ಧ ಬಂದ ಕಡತವನ್ನು ಅಲ್ಲಿಂದಲೇ ಮುಂದುವರಿಸಬಹುದು. 24.04.2ರ ಅರ್ಧಕ್ಕೆ 24.04.3ರ ಅರ್ಧ ಸೇರಿದರೆ ಗಾತ್ರ ಹೊಂದಿದಂತೆ ಕಂಡರೂ ಕಡತ ಕೆಲಸಕ್ಕೆ ಬಾರದು.

ಇಳಿಸುವ ಮುನ್ನ ವಿಂಡೋಸ್‌ನ ವೈಫೈ ಆಯ್ಕೆಗಳಲ್ಲಿ ಈ ಸಂಪರ್ಕವನ್ನು Metered connection ಎಂದು ಗುರುತಿಸುವುದು ಒಳಿತು. ಇಲ್ಲದಿದ್ದರೆ ವಿಂಡೋಸ್‌ನ ಪರಿಷ್ಕರಣೆಗಳೇ ದಿನದ ಪಾಲನ್ನು ಕಬಳಿಸಬಹುದು.

ಪೂರ್ತಿ ಬಂದ ಕಡತವನ್ನು ಪರೀಕ್ಷಿಸದೆ ಪೆನ್‌ಡ್ರೈವಿಗೆ ಬರೆಯಬಾರದು.

```
certutil -hashfile ಕಡತದ-ಹೆಸರು SHA256
```

ಇದು ತೋರಿಸುವ 64 ಅಂಕಾಕ್ಷರಗಳ ಸಾಲು, ಉಬುಂಟುವಿನ SHA256SUMS ಕಡತದಲ್ಲಿರುವುದಕ್ಕೆ ಪೂರ್ಣವಾಗಿ ಹೊಂದಬೇಕು. ಹೊಂದದಿದ್ದರೂ ಐದು ದಿನಗಳ ಶ್ರಮವನ್ನು ಅಳಿಸಿಹಾಕಬೇಕಾಗಿಲ್ಲ. ಅದೇ ಆವೃತ್ತಿಯ ಟೊರೆಂಟ್ ಕಡತವನ್ನು ಟೊರೆಂಟ್ ತಂತ್ರಾಂಶದಲ್ಲಿ ತೆರೆದು, ಕೆಟ್ಟ ಕಡತವಿರುವ ಫೋಲ್ಡರನ್ನೇ ತೋರಿಸಿ ಮರುಪರಿಶೀಲನೆ ಮಾಡಿಸಿದರೆ, ಹಾಳಾದ ತುಣುಕುಗಳಷ್ಟೇ ಹೊಸದಾಗಿ ಬರುತ್ತವೆ. ಟೊರೆಂಟ್ ತನ್ನಲ್ಲಿರುವುದನ್ನು ಇತರರಿಗೂ ಕಳುಹಿಸುವುದರಿಂದ, ಕೆಲಸ ಮುಗಿದೊಡನೆ ಅದನ್ನು ನಿಲ್ಲಿಸಬೇಕು. ಕಳುಹಿಸಿದ್ದೂ ಡೇಟಾ ಲೆಕ್ಕಕ್ಕೆ ಸೇರುತ್ತದೆ.